ಸುಮ್ಮನೆ ಕೂಡಲು ಪರವಾನಗಿ

ರೋಗಿಯನ್ನು ನೋಡಲು ಹೋದವರು ಯಾಕೆ ಅಷ್ಟೊಂದು ಮಾತಾಡುತ್ತಾರೋ ನನಗೆ ಗೊತ್ತಿಲ್ಲ, ನಾನೂ ಅವರಲ್ಲೊಬ್ಬ. ಕಳೆದ ಚಳಿಗಾಲ ಬೀದರಿನ ಆಸ್ಪತ್ರೆಯಲ್ಲಿ ತಮ್ಮನಿಗೆ ಪಥ್ಯ ಬೋಧಿಸುತ್ತಿದ್ದಾಗ, ಎದುರು ಮಂಚದ ಮುದುಕಿ, “ನನ್ನ ಬಾಜೂಕೂ ಜರಾ ಕೂಡ್ರಿ” ಎಂದಳು. ನಾನು ಏಳುವಷ್ಟರಲ್ಲಿ ಭೇಟಿಯ ಸಮಯ ಮುಗಿಯಿತೆಂದು ಕಾವಲುಗಾರ ಹೊರಗೆ ಕಳಿಸಿದ. ಮರುದಿನ ಆ ಮಂಚ ಖಾಲಿ. ಏನಾಯಿತೆಂದು ಕೇಳುವ ಹಕ್ಕು ನನಗಿರಲಿಲ್ಲ. ಭಾಲ್ಕಿಯ ಮನೆಗೆ ಮರಳುವ ಬಸ್ಸಿನಲ್ಲಿ ಒಂದು ನಿರ್ಧಾರ ಮಾಡಿದೆ.

ಆಸ್ಪತ್ರೆಯ ಅಧೀಕ್ಷಕಿಗೆ ಅರ್ಜಿ ಬರೆದೆ: ಸಮಾಧಾನ ಬೇಕಾದ ರೋಗಿಗಳ ಬಳಿ ಕೂಡಲು, ವಾರಕ್ಕೆರಡು ಮಧ್ಯಾಹ್ನ, ಸ್ವಯಂಸೇವಕನಾಗಿ ವಾರ್ಡಿಗೆ ಬರುವ ಅನುಮತಿ ಬೇಕು. ಸಂಬಳ ಬೇಡ. ಮೊದಲು ಸಿಸ್ಟರನ್ನು, ಆಮೇಲೆ ರೋಗಿಯನ್ನು ಕೇಳಿಯೇ ಹತ್ತಿರ ಹೋಗುತ್ತೇನೆ. ಡಾಕ್ಟರ್ ಬಂದರೆ ಏಳುತ್ತೇನೆ.

ಕರೆಸಿಕೊಂಡ ಅಧೀಕ್ಷಕಿ ಅರ್ಜಿ ಓದಿ ಕನ್ನಡಕ ಏರಿಸಿದರು. “ಪ್ರಾರ್ಥನಾ ಮಾಡಸ್ತೀರೇನ್ರಿ?”

“ಅವ್ರು ಕೇಳಿದ್ರ, ಅವ್ರ ಪದ್ಧತಿಯೊಳಗರಿ. ನನಗ ಬರದಿದ್ರ, ಅವ್ರು ಹೂಂ ಅಂದ ಮ್ಯಾಲ ಅವ್ರ ಮಸೀದಿಯವ್ರಿಗೋ, ಚರ್ಚಿನವ್ರಿಗೋ, ಗುಡಿಯವ್ರಿಗೋ ಸುದ್ದಿ ಮುಟ್ಟಸ್ರಿ ಅಂತ ಸಿಸ್ಟರ್‌ಗೆ ಹೇಳ್ತೇನಿ.”

“ಹಣಿ ಮ್ಯಾಲಿನ ವಿಭೂತಿ?”

“ಅಳಸಲೇನ್ರಿ?”

“ನಿಮ್ಮ ಹಣಿ, ನಿಮ್ಮ ವಿಭೂತಿ. ಪೇಶಂಟ್ ಹಣಿಗೆ ಮಾತ್ರ ಹಚ್ಚಬ್ಯಾಡ್ರಿ. ತಿನಸೂದು, ಕುಡಸೂದು, ಮನಿ ಔಷಧ, ಫೋಟೋ, ಒಂದೂ ಇಲ್ಲ. ಅಲ್ಲಿ ಕೇಳಿದ್ದು ಹೊರಗ ಹೋಗಬಾರದು.”

“ಮನಿಯಾಕಿಗೂ?”

“ಆಕಿಗಂತೂ ಇಲ್ಲೇ ಇಲ್ಲ. ಆದ್ರ ಯಾರರೆ ಜೀವಕ್ಕ ಏನರೆ ಮಾಡ್ಕೋತೇನಿ ಅಂದ್ರ, ಗುಟ್ಟು ಅಂತ ಇಟ್ಕೋಬ್ಯಾಡ್ರಿ. ಕೂಡ್ಲೇ ಸಿಸ್ಟರ್‌ಗೆ ಹೇಳಬೇಕು. ಇದನ್ನ ಪೇಶಂಟಿಗೆ ಮೊದಲೇ ತಿಳಿಸ್ರಿ.”

ಒಂದು ತಿಂಗಳ ತಾತ್ಕಾಲಿಕ ಗುರುತಿನ ಚೀಟಿ ಸಿಕ್ಕಿತು. ಒಂದೇ ಒಂದು ದೂರು ಬಂದರೂ ಅದು ವಾಪಸ್ಸು.

ಮೊದಲ ದಿನ ಸಿಸ್ಟರ್ ನನ್ನನ್ನು ಒಬ್ಬ ಹಿರಿಯರ ಬಳಿ ಕರೆದೊಯ್ದರು. ಅವರ ಹೆಸರು, ಊರು, ರೋಗ ನಾನು ಹೇಳುವಂತಿಲ್ಲ. ಅವರ ಧರ್ಮ ನನ್ನದಲ್ಲ ಎಂಬುದನ್ನು ಅವರೇ ಮೊದಲು ಎತ್ತಿದರು.

“ನನಗ ನಿಮ್ಮ ಮಜಹಬ್ ಹೇಳಾಕ ಬಂದೀರೇನ್ರಿ?”

“ಇಲ್ಲರಿ. ನೀವು ಬ್ಯಾಡ ಅಂದ್ರ ಹೋಗ್ತೇನಿ.”

“ಕೂಡ್ರಿ. ಆದ್ರ ಮಾತಾಡಬ್ಯಾಡ್ರಿ. ಮುಂಜಾನಿಂದ ಬಂದವ್ರೆಲ್ಲ ಶಾಣ್ಯಾತನ ಹೇಳೇ ಹೋಗ್ಯಾರ.”

ಕೂತೆ. ಅವರ ಕಾಯಿಲೆಗೆ ನನ್ನ ಸೋದರತ್ತೆ ಮಾಡುತ್ತಿದ್ದ ಕಷಾಯ ಗಂಟಲವರೆಗೆ ಬಂದು ನಿಂತಿತು. ನುಂಗಿದೆ. ನನ್ನ ಹರ್ನಿಯಾ ಕಥೆ ಬಂತು, ಅದನ್ನೂ ನುಂಗಿದೆ. ಅವರು ಸೂರು ನೋಡಿದರು, ನಾನೂ ಸೂರು ನೋಡಿದೆ. ಬಹಳ ಹೊತ್ತಿನ ಮೇಲೆ ಅವರು ಅತ್ತರು. ಕಾರಣ ಹೇಳಲಿಲ್ಲ, ನಾನು ಕೇಳಲಿಲ್ಲ. ಕೈ ಚಾಚಿದರು, ಹಿಡಿದುಕೊಂಡೆ. ಹಾಗೇ ನಿದ್ದೆ ಹೋದರು.

ಮುಂದಿನ ಸರದಿಗೆ ಹೋದಾಗ ಸಿಸ್ಟರ್ ಬಾಗಿಲಲ್ಲೇ ತಡೆದರು. ದೂರು ಬಂದಿರಬೇಕೆಂದು ಗುರುತಿನ ಚೀಟಿ ಮರಳಿಸಲು ಕೈಗೆ ತೆಗೆದುಕೊಂಡೆ.

“ಅಜ್ಜಾರು ನಿಮ್ಮನ್ನ ಕೇಳ್ಲಿಕ್ಹತ್ಯಾರ. ‘ಭಾಳ ತಿಳಿದ ಮನಷ್ಯಾ, ಬಾಯಿ ತೆಗಿಯೂದೇ ಇಲ್ಲ’ ಅಂದ್ರು ನೋಡ್ರಿ.”

ಜನ್ಮದಲ್ಲಿ ನನಗೆ ಯಾರೂ ಇಂಥ ಹೊಗಳಿಕೆ ಕೊಟ್ಟಿರಲಿಲ್ಲ. ಸಂಜೆ ಮನೆಗೆ ಬಂದಾಗ ಹೆಂಡತಿ ರೊಟ್ಟಿ ಬಡಿಯುತ್ತ, “ಅಲ್ಲೂ ಹರಟೀನೇ ಏನು? ಪಾಪ, ಪೇಶಂಟರು ಎದ್ದು ಓಡಾಕೂ ಬರಂಗಿಲ್ಲ” ಅಂದಳು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದು ವಾರ್ಡಿನ ಮಾತು, ಹೊರಗೆ ಹೋಗುವಂತಿಲ್ಲ. ಪಲ್ಯ ಬಡಿಸಿಕೊಂಡು ಸುಮ್ಮನೆ ತಿಂದೆ. ನನ್ನ ಮೌನ ಕಂಡು ಆಕೆ, ಜ್ವರವಿದೆಯೇನೋ ಎಂದು ನನ್ನ ಹಣೆ ಮುಟ್ಟಿ ನೋಡಿದಳು.