ಮಳೆಗೆ ಕೆಂಪು ಚೀಟಿ

ನಮ್ಮ ಸೋದರಮಾವ ಆಕಾಶದಿಂದ ಬೀಳುವ ಮಳೆಗೂ ಕೆಂಪು ಚೀಟಿ ಕಟ್ಟಬಲ್ಲರು. ನಗಬೇಡಿ! ವಿಮಾನಪುರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸಿ, ಸರಿಯಿಲ್ಲದ್ದಕ್ಕೆ ಕೆಂಪು ಚೀಟಿ ಕಟ್ಟುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದರೂ ಚಟ ಬಿಡಲಿಲ್ಲ. ಒಮ್ಮೆ ಅತ್ತೆಯ ಉಪ್ಪಿಟ್ಟಿನ ಬಾಣಲೆಗೂ ಕಟ್ಟಿದ್ದರು. ಅತ್ತೆ ಅದನ್ನು ಬಿಚ್ಚಿ ಅವರ ಅಂಗಿಯ ಗುಂಡಿಗೇ ಸಿಕ್ಕಿಸಿದರು!

ಅತ್ತೆ ಕವಿತೆ ಬರೆಯುತ್ತಿದ್ದರು. ಹೊರಮಾವಿನ ಅವರ ಬಡಾವಣೆಯಲ್ಲಿ ಪ್ರತಿ ಮಳೆಗಾಲವೂ ನಡೆಯುವ ಪುಟ್ಟ ಕವಿಗೋಷ್ಠಿಯಲ್ಲಿ ಓದುತ್ತಿದ್ದರು. ಈ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ಅವರ ಜಾಗದಲ್ಲಿ ನೀವೇ ಮಳೆಯ ಮೇಲೊಂದು ಕವಿತೆ ಬರೆದು ಓದಿ ಎಂದು ಗೆಳತಿಯರು ಕೇಳಿದ್ದಕ್ಕೆ, ಜನ್ಮದಲ್ಲಿ ಒಂದು ಸಾಲೂ ಬರೆಯದ ಮಾವ ಒಪ್ಪಿಕೊಂಡುಬಿಟ್ಟರು! ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ತಪ್ಪಿಗೆ, ಅದನ್ನು ತಿದ್ದಿಕೊಡಲು ನಾನು ಸಿಕ್ಕಿಬಿದ್ದೆ.

ಮಾವನ ಮೊದಲ ಕರಡಿನಲ್ಲಿ ಮುತ್ತಿನ ಹನಿ, ಇಳೆಗೆ ಮುಗಿಲಿನ ಮುತ್ತು, ಮಣ್ಣಿನ ಘಮ, ಕುಣಿಯುವ ನವಿಲು, ಎಲ್ಲವೂ ಹಾಜರು.

"ನವಿಲನ್ನ ಎಲ್ಲಿ ನೋಡಿದ್ರಿ ಮಾವ?"

"ಇಲ್ಲೆಲ್ಲಿ ನವಿಲೇ? ಎಲ್ರೂ ಬರೀತಾರಲ್ಲ ಅಂತ ಹಾಕ್ದೆ."

"ಹಾಗಾದ್ರೆ ಬೇರೆ ಗಾಡೀಲಿ ಓಡಿ ಸವೆದ ಪಾರ್ಟು ಇದು."

ಹೇಳಿದ್ದೇ ತಪ್ಪಾಯಿತು. ಸವೆದದ್ದನ್ನೆಲ್ಲ ಹುಡುಕಿ ಹುಡುಕಿ ಚೀಟಿ ಅಂಟಿಸಿದರು. ಕೊನೆಗೆ ಹಾಳೆಯಲ್ಲಿ ಉಳಿದದ್ದು 'ಮಳೆ' ಎಂಬ ಒಂದೇ ಪದ.

ಮರುದಿನ ರೇನ್‌ಕೋಟ್ ಹಾಕಿ ಹಲಸೂರು ಮಾರುಕಟ್ಟೆಗೆ ಹೋಗಿ ಮಳೆಯಲ್ಲೇ ನಿಂತು ನೋಡಿಬಂದರು. ಹೂವಿನವಳು ಬುಟ್ಟಿಗೆ ಸೆರಗು ಹೊದಿಸಿ ತಾನು ನೆನೆದದ್ದು, ಆಟೋದ ವೈಪರ್ ನಾಲ್ಕು ಸಲ ಆಡಿ ನಿಂತದ್ದು, ಜೊತೆಗೆ ಸಮಯ ಮೂರು ಇಪ್ಪತ್ತು! ಅದನ್ನೇ ಬರೆದು, ತುಂಡು ತುಂಡು ಮಾಡಿ ಸಾಲಾಗಿ ಜೋಡಿಸಿದ್ದರು.

"ಇದು ವರದಿ ಮಾವ."

"ಮುಕ್ತಛಂದ ಅಂದ್ರೆ ಬೇಕಾದಲ್ಲಿ ಮುರಿಯೋದು ತಾನೇ?"

"ಪ್ರಾಸ ಬೇಡ, ಮಾತ್ರೆ ಎಣಿಸೋದೂ ಬೇಡ. ಆದ್ರೆ ಉಸಿರು ಬೇಕು. ಜೋರಾಗಿ ಓದ್ನೋಡಿ, ಎಲ್ಲಿ ದನಿ ತಾನಾಗಿ ನಿಲ್ಲುತ್ತೋ ಅಲ್ಲಿ ಸಾಲು ಮುರೀರಿ. ಹತ್ತು ಚಿತ್ರ ಬೇಡ, ಒಂದು ಸಾಕು. ದುಃಖ, ವಿರಹ ಅಂತ ಹೆಸರು ಹೇಳ್ಬೇಡಿ. ವಸ್ತು ತೋರಿಸಿ, ಸಾಕು."

"ಯಾವ ವಸ್ತು?"

"ನಿಮಗೊಬ್ರಿಗೇ ಕಂಡದ್ದು."

ಮಾವ ಹಾಳೆ ಮಡಚಿ ಜೇಬಿಗಿಟ್ಟರು. ಮೂರು ದಿನ ನನಗೆ ಫೋನೇ ಮಾಡಲಿಲ್ಲ. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಮೂರು ದಿನ ನೆಮ್ಮದಿಯಾಗಿ ಬಿಟ್ಟದ್ದು ಅದೇ ಮೊದಲು!

ಭಾನುವಾರ ಗೋಷ್ಠಿಯಲ್ಲಿ ಎದ್ದು ನಿಂತು, ಕನ್ನಡಕ ಎರಡು ಸಲ ಒರೆಸಿ, ಓದಿದರು:

ಹೊರಗೆ ಮಳೆ.
ಬಾಗಿಲ ಹಿಂದೆ
ಅವಳ ಕೊಡೆ
ಈ ವರ್ಷ
ಒಣಗಿಯೇ ಇದೆ.

ಮಾವ ಬಂದು ನನ್ನ ಪಕ್ಕದಲ್ಲಿ ಕೂತು, "ಪಾಸಾ?" ಎಂದು ಮೆಲ್ಲಗೆ ಕೇಳಿದರು. ತಲೆಯಾಡಿಸಿದೆ.

ಅವರನ್ನು ಮನೆಗೆ ಬಿಟ್ಟು ನಾನು ಹೊರಡುವಷ್ಟರಲ್ಲಿ ಮಳೆ ಜೋರಾಯಿತು. ಮಾವ ಬಾಗಿಲ ಹಿಂದಿನಿಂದ ಅತ್ತೆಯ ಕೊಡೆ ತೆಗೆದು, ಬಿಚ್ಚಿ, ನನ್ನ ಕೈಗೆ ಕೊಟ್ಟರು.

"ಮಾವ, ಕವಿತೆ ಸುಳ್ಳಾಗುತ್ತಲ್ಲ?"

"ಆಗ್ಲಿ ಬಿಡೇ," ಅಂದರು. "ನೀನು ನೆನೀಬೇಡ."