ನಗುವಿಗೆ ಕಟ್ಟಿದ ಕಾಫಿ ಹರಕೆ

ದೇವರ ಮುಂದೆ ಸಂಕಲ್ಪ ಮಾಡುವ ಮೊದಲು ಮನೆಯವರನ್ನು ಒಂದು ಮಾತು ಕೇಳಬೇಕೆಂದು ಯಾವ ಶಾಸ್ತ್ರವೂ ವಿಧಿಸಿದ್ದನ್ನು ನಾನು ಕಾಣೆ. ವಿಧಿಸಿದ್ದರೆ ಕಳೆದ ಚಳಿಗಾಲದ ಆ ತಲೆನೋವು ನನಗೆ ತಪ್ಪುತ್ತಿತ್ತು.

ನನ್ನ ಹೆಂಡತಿ ಶಾರದೆಗೆ ಖಿನ್ನತೆ ಎಂದು ವೈದ್ಯರು ಮಾತ್ರೆ ಬರೆದಿದ್ದರು. ಗುಣ ಕಾಣಲು ವಾರಗಳೇ ಬೇಕು, ನಡುವೆ ತಾವಾಗಿ ನಿಲ್ಲಿಸಬಾರದು ಎಂದೂ ಹೇಳಿದ್ದರು. ಈ ಕಾಯಿಲೆಯ ನಡೆ ನನಗೊಂದು ಒಗಟು. ಹುರುಳಿಕಾಯಿ ಮುಂದಿಟ್ಟರೆ ಅಚ್ಚುಕಟ್ಟಾಗಿ ಹೆಚ್ಚುವಳು. 'ಇವತ್ತು ಯಾವ ಹುಳಿ ಮಾಡೋಣ?' ಎಂದರೆ ಕಣ್ಣು ತುಂಬಿಕೊಳ್ಳುವಳು. ಸ್ನಾನಕ್ಕೆ ಏಳುವುದೇ ಅವಳಿಗೆ ಬೆಟ್ಟ ಹತ್ತಿದಂತೆ. 'ಮನಸ್ಸು ಗಟ್ಟಿ ಮಾಡಿಕೊ' ಎಂದು ಸಾಕಷ್ಟು ವೇದಾಂತ ಬಡಿಸಿ, ಅದೂ ಜೀರ್ಣವಾಗದಿದ್ದಾಗ ಹರಕೆ ಹೊತ್ತೆ: ಇವಳು ನಗುವವರೆಗೆ ಕಾಫಿ ಮುಟ್ಟೆನು! ಕ್ರಾಸ್‌ರೋಡ್ಸ್ ಮಾಲಿನಲ್ಲಿ ಗೆಳೆಯರೊಡನೆ ಆಡುತ್ತಿದ್ದ ಶನಿವಾರದ ಚದುರಂಗವನ್ನೂ ಬಿಟ್ಟೆ. ಮಡದಿ ಮಂಕಾಗಿರುವಾಗ ಆನೆ ಕುದುರೆ ನಡೆಸುವುದು ಧರ್ಮವೇ?

ಕೆಲವೇ ದಿನಗಳಲ್ಲಿ ಹಣೆಯೊಳಗೆ ಒನಕೆ ಕುಟ್ಟತೊಡಗಿತು. ಅನ್ನ ಬೆಂದಿತೇ ಎಂದು ಇಣುಕುವಂತೆ ಗಳಿಗೆಗೊಮ್ಮೆ ಅವಳ ಮುಖ ನೋಡುತ್ತಿದ್ದೆ.

"ನಿಮ್ಮ ಕಾಫಿಗೋಸ್ಕರ ನಾನು ನಗ್ಬೇಕೇನ್ರೀ?" ಎಂದಳು ಒಂದು ಬೆಳಿಗ್ಗೆ. "ಮೊದಲೇ ಎಲ್ಲರಿಗೂ ಭಾರ ಆಗಿದೀನಿ ಅನ್ಸುತ್ತೆ. ಈಗ ನಿಮ್ಮ ತಲೆನೋವೂ ನನ್ನಿಂದಲೇ!"

ದೇವರಿಗೆ ಹೊತ್ತ ಹರಕೆಯನ್ನು ಅವಳ ತಲೆಯ ಮೇಲಿಟ್ಟಿದ್ದೆ.

ಅವಳ ಒಪ್ಪಿಗೆ ಪಡೆದು ಅವಳ ಆಪ್ತಸಮಾಲೋಚಕಿಯ ಬಳಿ ನಾನೂ ಹೋಗಿ ಕುಳಿತೆ. ಆಕೆ ಮಂಗಳೂರಿನ ಹೆಣ್ಣುಮಗಳು. "ಬದುಕೇ ಬೇಡ ಅನಿಸ್ತದಾ ಅಂತ ಇವರನ್ನು ನೇರ ಕೇಳಿದ್ದೀರಾ?" ಎಂದರು. ಅಶುಭ ನುಡಿಯಲಾರದೆ, ಇಲ್ಲವೆಂದು ತಲೆಯಾಡಿಸಿದೆ. "ಕೇಳಿದ್ರೆ ಆ ಯೋಚನೆ ಹುಟ್ಟುವುದಿಲ್ಲ. ಇದ್ರೆ ಹೊರಗೆ ಬರ್ತದೆ."

ತೊದಲುತ್ತಲೇ ಕೇಳಿದೆ. "ಸಾಯ್ಬೇಕು ಅಂತಲ್ಲ ರೀ," ಎಂದಳು ಶಾರದೆ. "ಬೆಳಗಾಗೋದೇ ಬೇಡ ಅನ್ಸುತ್ತೆ, ಅಷ್ಟೆ." ಆ 'ಅಷ್ಟೆ'ಯನ್ನು ಅಷ್ಟಕ್ಕೇ ಬಿಡದೆ, ಅದು ಹೆಚ್ಚಾದರೆ ಯಾರಿಗೆ ತಕ್ಷಣ ಫೋನ್ ಮಾಡಬೇಕೆಂದು ಮೂವರೂ ಕುಳಿತು ಗೊತ್ತುಮಾಡಿದೆವು.

ಬಳಿಕ ಆಕೆ ನನ್ನ ಕಡೆ ತಿರುಗಿದರು. "ನೀವು ಕಾಫಿ ಕುಡೀರಿ ಮಾರಾಯ್ರೆ, ಚೆಸ್ಸಿಗೂ ಹೋಗಿ. ನೀವು ಬಿದ್ರೆ ಇವರಿಗೆ ಮತ್ತೊಂದು ಚಿಂತೆ. ಗುಣ ಮಾಡುವುದು ನಿಮ್ಮ ಕೆಲಸವಲ್ಲ, ಜೊತೆಗಿರುವುದು. ಸಲಹೆ ಬೇಕೋ, ಸುಮ್ಮನೆ ಪಕ್ಕದಲ್ಲಿ ಕೂರಬೇಕೋ, ಮೊದಲು ಕೇಳಿ."

ದೇವರಲ್ಲಿ ಕ್ಷಮೆ ಬೇಡಿ ಕಾಫಿ ಕುಡಿದೆ. ಶನಿವಾರ, ಪಕ್ಕದ ಮನೆಯ ಗೆಳತಿ ಶಾರದೆಯ ಜೊತೆ ಕೂರಲು ಬಂದಾಗ, ಹೊರಟೆ. ಸಂಜೆ ಬಂದಾಗ ಶಾರದೆಯೇ, "ಗೆದ್ರಾ?" ಎಂದಳು.

"ಎಲ್ಲಿಯ ಗೆಲುವು! ಆ ರಥವನ್ನು ಅಲ್ಲಿಡಬಾರದಿತ್ತು, ಕುದುರೆ ಹೊಂಚು ಹಾಕಿತ್ತು, ನನ್ನ ಬುದ್ಧಿಗೆ..." ಎಂದು ಗೋಳು ತೋಡಿಕೊಳ್ಳುತ್ತಲೇ ಇದ್ದೆ.

"ರೀ, ಸಲಹೆ ಬೇಕೋ, ಸುಮ್ಮನೆ ಪಕ್ಕದಲ್ಲಿ ಕೂತ್ಕೊಳ್ಳಲೋ?"

ಅವಳ ತುಟಿಯಂಚು ಅಲುಗಿತೋ ಇಲ್ಲವೋ, ನಾನು ನೋಡಹೋಗಲಿಲ್ಲ. ನೋಡಿದ್ದರೆ, ಹಾಳು ಅಭ್ಯಾಸ, ಹರಕೆ ತೀರಿತೆಂದು ತೆಂಗಿನಕಾಯಿ ಒಡೆದೇಬಿಡುತ್ತಿದ್ದೆ.