ಲೀಡರಮ್ಮನ ಏಳು ದಿನ

ಫೋನು ತೆವಳುತ್ತಿದೆ, ಅದನ್ನು ಯಾರ ಕೈಗೂ ಕೊಡದೆ ತಾನೇ ಸರಿಪಡಿಸುತ್ತೇನೆ ಎಂದು ಲೀಡರಮ್ಮ ಭಾನುವಾರ ಬೆಳಿಗ್ಗೆ ಗಂಡನೆದುರು ಘೋಷಿಸಿದಳು. ಹದಿನೈದು ಹೆಂಗಸರ ಸ್ವಸಹಾಯ ಸಂಘ, ಆರು ಹೊಲಿಗೆ ಯಂತ್ರ, ಒಂದು ಬಾಡಿಗೆ ಕೋಣೆ, ಇಷ್ಟನ್ನು ಬೆರಳ ತುದಿಯಲ್ಲಿ ಆಡಿಸುವವಳಿಗೆ ಒಂದು ಫೋನು ಯಾವ ಲೆಕ್ಕ? ಗಡಿಯಾರ ರಿಪೇರಿ ಮಾಡುವ ಗಂಡ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆಯದೆಯೇ, ಬಿಚ್ಚುವ ಮುಂಚೆ ಯಾವ ತಿರುಪು ಎಲ್ಲಿತ್ತು ಅಂತ ನೋಡಿಟ್ಟುಕೊ ಎಂದ. ಇದರಲ್ಲಿ ತಿರುಪೇ ಇಲ್ಲ ಎಂದು ಅವಳು ನಕ್ಕಳು.

ಸೆಟ್ಟಿಂಗ್ಸಿನ ತಳದಲ್ಲಿ ‘ಎಲ್ಲವನ್ನೂ ಅಳಿಸಿ’ ಎಂಬ ಸಾಲಿತ್ತು. ಒತ್ತಿದಳು. ನಿಜವಾಗಿಯೂ ಅಳಿಸಲೇ ಎಂದು ಫೋನು ಎರಡು ಸಲ ಕೇಳಿತು. ಎರಡು ಸಲವೂ ಹೌದು ಎಂದಳು. ಹತ್ತು ನಿಮಿಷದಲ್ಲಿ ಫೋನು ಅಂಗಡಿಯಿಂದ ಆಗಷ್ಟೇ ಬಂದಂತೆ ಚುರುಕಾಗಿ, ಖಾಲಿಯಾಗಿ ಎದ್ದು ಕುಳಿತಿತು.

ವಾಟ್ಸಾಪನ್ನು ಮತ್ತೆ ಹಾಕಿಕೊಂಡಳು. ಅದು ನಂಬರ್ ಕೇಳಿತು, ಕೊಟ್ಟಳು. ಸಿಮ್ಮಿಗೆ ಆರಂಕಿಯ ಕೋಡು ಬಂತು, ಅದನ್ನೂ ಕೊಟ್ಟಳು. ಆಮೇಲೆ ಅದು ಇನ್ನೊಂದು ಆರಂಕಿ ಕೇಳಿತು: ಅವಳೇ ಹಿಂದೊಮ್ಮೆ ಇಟ್ಟಿದ್ದ ಪಿನ್. ಲೀಡರಮ್ಮನ ಬೆರಳು ಅಲ್ಲೇ ನಿಂತಿತು.

ಆ ಪಿನ್ ಅವಳು ತರಬೇತಿಯೊಂದರಲ್ಲಿ ಇಟ್ಟಿದ್ದು. ಗುಟ್ಟಾಗಿ, ಭದ್ರವಾಗಿ ಇಟ್ಟುಕೊಳ್ಳಿ ಎಂದು ಹೇಳಿಕೊಟ್ಟಿದ್ದರು. ಅವಳು ಎಷ್ಟು ಭದ್ರವಾಗಿ ಇಟ್ಟಿದ್ದಳೆಂದರೆ ಅದೇ ಫೋನಿನೊಳಗೆ ಬರೆದಿಟ್ಟಿದ್ದಳು. ಆ್ಯಪು ಆಗಾಗ ಪಿನ್ ಕೇಳಿದಾಗಲೆಲ್ಲ ಆ ಟಿಪ್ಪಣಿ ತೆರೆದು, ನೋಡಿ, ಒತ್ತುತ್ತಿದ್ದಳು. ತಲೆಗೆ ಹತ್ತಿಸಿಕೊಳ್ಳುವ ಅಗತ್ಯವೇ ಬಂದಿರಲಿಲ್ಲ. ಈಗ ಆ ಟಿಪ್ಪಣಿಯನ್ನೂ ಅವಳೇ, ಎರಡು ಸಲ ಹೌದೆಂದು ಹೇಳಿ, ಅಳಿಸಿದ್ದಳು.

ಮದುವೆಯ ದಿನಾಂಕ ಹಾಕಿದಳು. ಮಗಳು ಹುಟ್ಟಿದ ದಿನಾಂಕ ಹಾಕಿದಳು. ಸಂಘ ಶುರುವಾದ ದಿನಾಂಕ ಹಾಕಿದಳು. ಯಾವುದಕ್ಕೂ ಬಾಗಿಲು ತೆರೆಯಲಿಲ್ಲ. ‘ಪಿನ್ ಮರೆತಿರಾ’ ಎಂಬುದನ್ನು ಒತ್ತಿದರೆ, ಪಿನ್ ಇಡುವಾಗ ಇಮೇಲ್ ವಿಳಾಸ ಕೊಟ್ಟಿಲ್ಲವಾದ್ದರಿಂದ ಏಳು ದಿನ ಕಾಯಬೇಕು ಎಂದು ಉತ್ತರ ಬಂತು.

“ಬೇರೆ ನಂಬರಲ್ಲಿ ಹೋಗೋಕಾಗಲ್ವಾ?” ಎಂದ ಗಂಡ.

“ಬೇರೆ ನಂಬರಲ್ಲಿ ಹೋದ್ರೆ ನಾನು ಯಾರೋ. ಸಂಘದ ಗುಂಪಿಗೆ ಸೇರಿಸ್ಬೇಕು ಅಂದ್ರೆ ಅಡ್ಮಿನ್ ಸೇರಿಸ್ಬೇಕು.”

“ಸೇರಿಸ್ಲಿ ಬಿಡು. ಅಡ್ಮಿನ್ ಯಾರು?”

ಅಡ್ಮಿನ್ ಅವಳೊಬ್ಬಳೇ. ಇನ್ನೊಬ್ಬರನ್ನು ಅಡ್ಮಿನ್ ಮಾಡಿ ಎಂದು ಹೆಂಗಸರು ಎರಡು ವರ್ಷದಿಂದ ಹೇಳುತ್ತಿದ್ದರು. ಒಂದು ಒರೆಗೆ ಎರಡು ಕತ್ತಿ ಯಾಕೆ ಎಂದು ಅವಳೇ ತಳ್ಳಿಹಾಕಿದ್ದಳು. ಅಷ್ಟೇ ಅಲ್ಲ, ಹರಟೆ ಹೆಚ್ಚಾಯಿತೆಂದು ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಬಿಗಿ ಮಾಡಿದ್ದಳು. ಈಗ ಹದಿನಾಲ್ಕು ಜನಕ್ಕೆ ಬಾಯಿ ಇರಲಿಲ್ಲ, ಬಾಯಿ ಇದ್ದವಳು ಬಾಗಿಲಾಚೆ ನಿಂತಿದ್ದಳು.

ಒಂದೇ ಸಮಾಧಾನ. ಅವಳ ಖಾತೆ ಅಳಿದಿರಲಿಲ್ಲ, ಬೀಗ ಬಿದ್ದಿತ್ತಷ್ಟೆ. ಉಳಿದವರ ಫೋನುಗಳಲ್ಲಿ ಅವಳ ಹೆಸರಿನ ಪಕ್ಕ ‘ಅಡ್ಮಿನ್’ ಎಂಬ ಮಾತು ಹಾಗೇ ಇತ್ತು. ಎಲ್ಲರ ಕೈಯಲ್ಲೂ ಅವಳು ಅಧಿಕಾರದಲ್ಲಿದ್ದಳು, ತನ್ನ ಕೈಯೊಂದನ್ನು ಬಿಟ್ಟು. ಗೊತ್ತಾಗದಂತೆ ಏಳು ದಿನ ದೂಡಿದರೆ ಸಾಕು.

ಸೋಮವಾರ ಅವಳು ಹೊಸ ನೀತಿ ಹೊರಡಿಸಿದಳು. ಸಂದೇಶ ನೋಡಿ ನೋಡಿ ಎಲ್ಲರ ಕಣ್ಣು ಹಾಳಾಗುತ್ತಿದೆ, ಈ ವಾರ ಕಣ್ಣಿಗೆ ರಜೆ, ಯಾವ ದಿನ ಯಾರಿಗೆ ಯಂತ್ರ ಎಂಬುದನ್ನು ತಾನೇ ಮನೆಮನೆಗೆ ಬಂದು ಹೇಳುತ್ತೇನೆ ಎಂದಳು. ಗುಂಡಿ ಹೊಲಿಯುವ ಗುಂಡಿಯಕ್ಕ ಬಾಗಿಲಲ್ಲಿ ನಿಂತು, ನಿಮ್ಮ ಕಾಲಿಗೆ ರಜೆ ಯಾವಾಗ ಎಂದು ಕೇಳಿದಳು.

ಮಂಗಳವಾರ ಹದಿನಾಲ್ಕು ಮನೆ. ಬುಧವಾರ ಪಾಳಿ ಬದಲಾಯಿತು, ಮತ್ತೆ ಹದಿನಾಲ್ಕು ಮನೆ. ಗುರುವಾರ ಕೋಣೆಗೆ ಸುಣ್ಣ ಹೊಡೆಸುವುದಿತ್ತು, ಅಂದು ಯಾರೂ ಬರಬಾರದೆಂದು ಬುಧವಾರ ಸಂಜೆಯೇ ಹೇಳಿ ಮುಗಿಸಬೇಕಿತ್ತು. ಹದಿಮೂರು ಮನೆ ಮುಗಿಯುವಷ್ಟರಲ್ಲಿ ಹಿಮ್ಮಡಿ ಸೀಳಿಹೋಗಿತ್ತು. ಕಾಲುವೆಯಾಚೆಯ ಕೊನೆಮನೆಯವಳೊಬ್ಬಳು ಉಳಿದಿದ್ದಳು. ಅವಳ ನಂಬರೂ ಅಳಿದವುಗಳ ಜೊತೆ ಹೋಗಿತ್ತು. ಬೆಳಿಗ್ಗೆ ಎದ್ದು ಹೇಳಿದರಾಯಿತು ಎಂದು ಲೀಡರಮ್ಮ ಮನೆಗೆ ಬಂದು, ಬಿಸಿನೀರಿನಲ್ಲಿ ಕಾಲಿಟ್ಟು ಕುಳಿತಳು.

ಬೆಳಿಗ್ಗೆ ಏಳುವುದು ತಡವಾಯಿತು, ಸೀಳಿದ ಹಿಮ್ಮಡಿಯಲ್ಲಿ ಕಾಲುವೆ ದಾಟುವ ಮನಸ್ಸೂ ಆಗಲಿಲ್ಲ. ಕೊನೆಮನೆಯವಳು ಕಂಕುಳಲ್ಲಿ ಮಗು, ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ಕೋಣೆಗೆ ಬಂದು, ಬೀಗ ನೋಡಿ, ಯಾರಾದರೂ ಬಂದಾರೆಂದು ಮೆಟ್ಟಿಲ ಮೇಲೆ ಕುಳಿತಳು. ಸುಣ್ಣ ಹೊಡೆಯುವವನೂ ಅಂದು ಬರಲಿಲ್ಲ. ಗುಂಪಿನಲ್ಲಿ ಕೇಳೋಣವೆಂದರೆ ಬರೆಯುವ ಜಾಗವೇ ಇಲ್ಲ. ಲೀಡರಮ್ಮನಿಗೆ ಎರಡು ಸಲ ಕರೆ ಮಾಡಿದಳು. ಹೆಸರಿಲ್ಲದ ನಂಬರ್ ಕಂಡು, ಯಾರೋ ಸಾಲ ಬೇಕೇ ಎಂದು ಕೇಳುವವರು ಇರಬೇಕೆಂದು ಲೀಡರಮ್ಮ ಎತ್ತಲಿಲ್ಲ. ಮಧ್ಯಾಹ್ನದ ಬಿಸಿಲು ಮೆಟ್ಟಿಲಿಗೆ ಬಂದ ಮೇಲೆ ಮಗುವಿಗೆ ಜ್ವರ ಏರಿತು.

ಮೂರು ದಿನ ಮಗು ಮಲಗಿತ್ತು. ಆಮೇಲೆ ಎದ್ದು ಆಡಿತು. ಲೀಡರಮ್ಮ ನೋಡಲು ಹೋದಾಗ ಕೊನೆಮನೆಯವಳು ಚಾಪೆ ಹಾಸಿದಳು, ನೀರು ಕೊಟ್ಟಳು, ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಪಿನ್ನಿನ ವಿಷಯ ಹೇಳದೆಯೇ ಲೀಡರಮ್ಮ ನೀರು ಕುಡಿದು ಎದ್ದು ಬಂದಳು.

ಮುಂದಿನ ಭಾನುವಾರ ಏಳು ದಿನ ತುಂಬಿತು. ಮತ್ತೆ ಕೋಡು ಬಂತು. ಈ ಸಲ ‘ಪಿನ್ ಮರೆತಿರಾ’ ಒತ್ತಿದಾಗ ಹಳೆಯದನ್ನು ಕೇಳದೆ ಒಳಗೆ ಬಿಟ್ಟಿತು. ಹೊಸ ಪಿನ್ ಇಟ್ಟಳು, ಮಗಳ ಇಮೇಲ್ ಕೊಟ್ಟಳು. ಹಳೆಯ ಮಾತುಕತೆಯ ನಕಲು ಎಲ್ಲೂ ಉಳಿಸಿರಲಿಲ್ಲವಾದ್ದರಿಂದ ಅದೊಂದೂ ಬರಲಿಲ್ಲ. ಗುಂಪು ಬಂತು. ಒಳಗೆ ಹೋಗಿ ನೋಡಿದಳು: ಹದಿನೈದು ಸದಸ್ಯರು, ಅವಳ ನಂಬರಿನ ಪಕ್ಕ ‘ಅಡ್ಮಿನ್’. ರಾಜ್ಯ ಎಳ್ಳಷ್ಟೂ ಕದಲಿರಲಿಲ್ಲ.

ಗುಂಡಿಯಕ್ಕ ಆಗ ಜಗುಲಿಯಲ್ಲೇ ಇದ್ದಳು, ನಿಂತುಹೋದ ಗೋಡೆ ಗಡಿಯಾರವನ್ನು ಲೀಡರಮ್ಮನ ಗಂಡನಿಗೆ ತೋರಿಸಲು ಬಂದಿದ್ದಳು. ಅವಳೆದುರೇ ಲೀಡರಮ್ಮ ಗುಂಪಿನ ಅನುಮತಿಗಳನ್ನು ತೆರೆದು, ಎಲ್ಲರೂ ಬರೆಯಬಹುದು ಎಂದು ಬದಲಾಯಿಸಿದಳು. ಪಿನ್ ಮರೆತದ್ದು, ಸುಳ್ಳು ಹೇಳಿದ್ದು, ಕೊನೆಮನೆಯನ್ನು ಬಿಟ್ಟದ್ದು ಎಲ್ಲವನ್ನೂ ಬರೆದು, ತಪ್ಪಾಯಿತು, ಇನ್ನು ಮೇಲೆ ನೀವೂ ಮಾತಾಡಿ ಎಂದು ಕಳಿಸಿದಳು.

ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಪರದೆಯ ನಡುವೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಮೂಡಿತು: ಒಬ್ಬರು ಹೊರಹೋಗಿದ್ದಾರೆ. ಆಮೇಲೆ ಇನ್ನೊಬ್ಬರು. ಮೂರನೆಯದು ಗುರುವಾರ ಎರಡು ಸಲ ಕರೆ ಬಂದಿದ್ದ ನಂಬರ್, ಕೊನೆಮನೆಯವಳದು.

“ಗುಂಡಿಯಕ್ಕ, ನೋಡು, ಎಲ್ಲ ಹೋಗ್ತಿದ್ದಾರೆ.”

ಗುಂಡಿಯಕ್ಕ ತನ್ನ ಫೋನು ತೆಗೆದು ನೋಡಿದಳು. “ನನ್ನದ್ರಲ್ಲಿ ಏನೂ ಕಾಣ್ತಿಲ್ವಲ್ಲ.”

“ಹೊರಗೆ ಹೋದ್ರೆ ಅಡ್ಮಿನ್‌ಗೆ ಮಾತ್ರ ತೋರಿಸುತ್ತೆ,” ಎಂದ ಗಂಡ, ಗಡಿಯಾರದ ಬೆನ್ನು ಬಿಚ್ಚುತ್ತಾ. “ಅಷ್ಟು ಸವಲತ್ತು ಕೊಟ್ಟಿದ್ದಾರೆ.”

ಹದಿಮೂರು ಸಾಲು ಮುಗಿಯುವವರೆಗೆ ಅವಳೊಬ್ಬಳೇ ನೋಡಿದಳು. ಗುರುವಾರ ಸಂಜೆಯೇ ಅವರೆಲ್ಲ ಬೇರೆ ಗುಂಪು ಮಾಡಿಕೊಂಡರೆಂದು ಗುಂಡಿಯಕ್ಕ ಮೆಲ್ಲಗೆ ಹೇಳಿದಳು. ಯಂತ್ರದ ಪಾಳಿಯೆಲ್ಲ ಈಗ ಅಲ್ಲೇ ಬರುತ್ತದಂತೆ.

“ಅಲ್ಲಿ ಅಡ್ಮಿನ್ ಯಾರು?”

“ನಾನೇ ಅಂತೆ,” ಎಂದಳು ಗುಂಡಿಯಕ್ಕ, ನಾಚಿಕೊಂಡು. “ನನಗೆ ಏನೂ ಒತ್ತೋಕೆ ಬರಲ್ಲ ನೋಡಿ, ಅದಕ್ಕೇ ನನ್ನ ಫೋನಲ್ಲೇ ಗುಂಪು ಮಾಡಿಟ್ಟಿದ್ದಾರೆ.”

ನನ್ನನ್ನೂ ಸೇರಿಸ್ತೀಯಾ ಎಂದು ಲೀಡರಮ್ಮ ಕೇಳಿದಳು.

“ಸೇರಿಸ್ಕೋ ಅಂತ ಎಲ್ರೂ ಹೇಳಿದ್ದಾರೆ. ಹೇಗೆ ಅಂತ ಗೊತ್ತಾಗ್ದೆ ಗಡಿಯಾರ ಹಿಡ್ಕೊಂಡು ಬಂದೆ.” ಗುಂಡಿಯಕ್ಕ ತನ್ನ ಫೋನನ್ನು ಅವಳ ಕೈಗಿಟ್ಟಳು. “ನೀವೇ ಮಾಡ್ಕೊಳ್ಳಿ ಅಮ್ಮ. ಸದಸ್ಯೆ ಅಂತ ಮಾತ್ರ. ಅದರ ಮೇಲೆ ಇನ್ನೇನೂ ಒತ್ತೋಕೆ ಬಿಡ್ಬೇಡ, ಕಣ್ಣಿಟ್ಟಿರು ಅಂದಿದ್ದಾರೆ.”

ಲೀಡರಮ್ಮ ‘ಸದಸ್ಯರನ್ನು ಸೇರಿಸಿ’ ಎಂಬಲ್ಲಿ ಒತ್ತಿ, ತನ್ನ ನಂಬರನ್ನು ಒಂದೊಂದೇ ಅಂಕಿಯಾಗಿ ಹಾಕಿದಳು. ಗುಂಡಿಯಕ್ಕ ಪಕ್ಕದಲ್ಲಿ ಬಗ್ಗಿ, ಅವಳ ಬೆರಳನ್ನೇ ನೋಡುತ್ತಾ ಕುಳಿತಿದ್ದಳು.